ಬೆವರುನಿರೋಧಕಗಳಲ್ಲಿನ ಅಲ್ಯೂಮಿನಿಯಂ ಕುರಿತ ತಪ್ಪು ನಂಬಿಕೆಗಳು

ಬೆವರುನಿರೋಧಕಗಳಲ್ಲಿನ ಅಲ್ಯೂಮಿನಿಯಂ ಕುರಿತ ತಪ್ಪು ನಂಬಿಕೆಗಳು ಎಂದರೆ ಕಂಕುಳಿಗೆ ಹಚ್ಚುವ ಬೆವರುನಿರೋಧಕಗಳಲ್ಲಿರುವ (ಆಂಟಿಪರ್ಸ್ಪಿರೆಂಟ್) ಅಲ್ಯೂಮಿನಿಯಂ ಲವಣಗಳು ಸ್ತನ ಕ್ಯಾನ್ಸರ್, ಆಲ್ಝೈಮರ್ ಕಾಯಿಲೆ ಮತ್ತು ದೇಹದಲ್ಲಿ ವಿಷ ಶೇಖರಣೆಗೆ ಕಾರಣವಾಗುತ್ತವೆ ಎಂಬ, ೧೯೯೦ರ ದಶಕದಿಂದೀಚೆಗೆ ವ್ಯಾಪಕವಾಗಿ ಹರಡಿರುವ ಹೇಳಿಕೆಗಳು. ಈ ಹೇಳಿಕೆಗಳಲ್ಲಿ ಕೆಲವು ಶರೀರಕ್ರಿಯೆಯ ತಪ್ಪು ತಿಳಿವಳಿಕೆಯಿಂದ ಹುಟ್ಟಿವೆ. ಇನ್ನು ಕೆಲವು ನಿಜವಾದ ಸಂಶೋಧನೆಗಳನ್ನು ಅವುಗಳ ಮಿತಿಯನ್ನು ಮೀರಿ ಅರ್ಥೈಸಿದ್ದರಿಂದ ಬೆಳೆದಿವೆ. ಮೂತ್ರಪಿಂಡಗಳು ಸರಿಯಾಗಿ ಕೆಲಸ ಮಾಡುತ್ತಿರುವವರಲ್ಲಿ ಬೆವರುನಿರೋಧಕಗಳ ಬಳಕೆಯಿಂದ ಈ ಕಾಯಿಲೆಗಳು ಬರುತ್ತವೆ ಎಂಬುದು ಈವರೆಗಿನ ಅಧ್ಯಯನಗಳಿಂದ ಸಿದ್ಧಪಟ್ಟಿಲ್ಲ. ಮೂತ್ರಪಿಂಡದ ವೈಫಲ್ಯವಿರುವವರ ವಿಷಯದಲ್ಲಿ ಮಾತ್ರ ಪ್ರತ್ಯೇಕ ಎಚ್ಚರಿಕೆ ಜಾರಿಯಲ್ಲಿದೆ.

## ಉತ್ಪನ್ನ ಮತ್ತು ಅದರ ಕಾರ್ಯವಿಧಾನ

ಡಿಯೋಡರೆಂಟ್ ಮತ್ತು ಬೆವರುನಿರೋಧಕ ಒಂದೇ ವಸ್ತುವಲ್ಲ. ಬೆವರಿಗೆ ತನ್ನದೇ ಆದ ದುರ್ಗಂಧ ಬಹುಮಟ್ಟಿಗೆ ಇರುವುದಿಲ್ಲ. ಕಂಕುಳಿನ ಚರ್ಮದ ಮೇಲಿರುವ ಬ್ಯಾಕ್ಟೀರಿಯಾಗಳು ಬೆವರಿನ ಅಂಶಗಳನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಡಿಯೋಡರೆಂಟ್ ಆ ಬ್ಯಾಕ್ಟೀರಿಯಾಗಳನ್ನು ತಗ್ಗಿಸುತ್ತದೆ ಅಥವಾ ವಾಸನೆಯನ್ನು ಸುಗಂಧದಿಂದ ಮರೆಮಾಡುತ್ತದೆ. ಬೆವರುನಿರೋಧಕವಾದರೋ ಬೆವರು ಹೊರಬರುವುದನ್ನೇ ಕಡಿಮೆ ಮಾಡುತ್ತದೆ. ಈ ಕೆಲಸವನ್ನು ಮಾಡುವುದು ಅಲ್ಯೂಮಿನಿಯಂ ಲವಣಗಳು. ಅಲ್ಯೂಮಿನಿಯಂ ಕ್ಲೋರೋಹೈಡ್ರೇಟ್ ಮತ್ತು ಅಲ್ಯೂಮಿನಿಯಂ-ಜಿರ್ಕೋನಿಯಂ ಸಂಯುಕ್ತಗಳು ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿವೆ.

ಚರ್ಮಕ್ಕೆ ಹಚ್ಚಿದ ಲವಣವು ಬೆವರಿನಲ್ಲಿ ಕರಗಿ ಬೆವರುನಾಳದ ಬಾಯಿಯೊಳಕ್ಕೆ ಸ್ವಲ್ಪ ದೂರ ಇಳಿಯುತ್ತದೆ. ಲವಣದ ದ್ರಾವಣ ಆಮ್ಲೀಯವಾದುದು. ಬೆವರು ಅದರ ಆಮ್ಲೀಯತೆಯನ್ನು ತಗ್ಗಿಸಿದಂತೆ ಅಲ್ಯೂಮಿನಿಯಂ ಕರಗಿದ ಸ್ಥಿತಿಯಲ್ಲಿ ಉಳಿಯಲಾರದೆ ಲೋಳೆಯಂತಹ ಹೈಡ್ರಾಕ್ಸೈಡ್ ಆಗಿ ಒತ್ತರಿಸುತ್ತದೆ, ಬೆವರಿನ ಪ್ರೋಟೀನುಗಳೊಡನೆ ಸೇರಿ ನಾಳದ ಮೇಲ್ತುದಿಯಲ್ಲಿ ಒಂದು ಬಿರಡೆಯಾಗುತ್ತದೆ. ಈ ಬಿರಡೆ ತಾತ್ಕಾಲಿಕ. ಚರ್ಮದ ಮೇಲ್ಪದರ ಕಳಚಿ ಹೊಸದಾಗುತ್ತಿದ್ದಂತೆ, ಸ್ನಾನದಲ್ಲಿ ತೊಳೆದು ಹೋಗುತ್ತಿದ್ದಂತೆ ಅದೂ ಹೊರಟುಹೋಗುವುದರಿಂದ ಮತ್ತೆ ಮತ್ತೆ ಹಚ್ಚಬೇಕಾಗುತ್ತದೆ.

ಈ ಕಾರ್ಯವಿಧಾನ ಮುಂದಿನ ಚರ್ಚೆಗೆ ಮುಖ್ಯವಾದುದು. ಲವಣವು ಕರಗದ ರೂಪಕ್ಕೆ ತಿರುಗಿ ನಾಳದ ಮೇಲ್ತುದಿಯಲ್ಲೇ ಸಿಕ್ಕಿಕೊಳ್ಳುವುದರಿಂದಲೇ ಬೆವರು ತಡೆಯಲ್ಪಡುತ್ತದೆ. ಅದೇ ಕಾರಣದಿಂದ ರಕ್ತಕ್ಕೆ ಸೇರುವ ಅಲ್ಯೂಮಿನಿಯಂ ಪ್ರಮಾಣವೂ ಕಡಿಮೆಯಾಗುತ್ತದೆ. ಬೆವರು ಪೂರ್ಣವಾಗಿ ನಿಲ್ಲುವುದೂ ಇಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ನಿಯಮದಂತೆ ಬೆವರಿನಲ್ಲಿ ಶೇ. ೨೦ರಷ್ಟು ಇಳಿಕೆಯಾದರೂ ಉತ್ಪನ್ನವನ್ನು ಬೆವರುನಿರೋಧಕವೆಂದು ಕರೆಯಬಹುದು. ‘ಹೆಚ್ಚು ಪರಿಣಾಮಕಾರಿ’ ಎಂಬ ಹೇಳಿಕೆಗೆ ಶೇ. ೩೦ರಷ್ಟು ಇಳಿಕೆ ಬೇಕು.

## ‘ವಿಷ ಹೊರಹೋಗದು’ ಎಂಬ ವಾದ

೧೯೯೦ರ ದಶಕದ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಬ್ಬರಿಂದೊಬ್ಬರಿಗೆ ರವಾನೆಯಾಗುತ್ತಿದ್ದ ಒಂದು ಇ-ಮೇಲ್ ಈ ನಂಬಿಕೆಗೆ ಹೆಚ್ಚಿನ ಪ್ರಚಾರ ಕೊಟ್ಟಿತು. ದೇಹವು ವಿಷವಸ್ತುಗಳನ್ನು ಕಂಕುಳಿನ ಬೆವರಿನ ಮೂಲಕ ಹೊರಹಾಕುತ್ತದೆ, ಬೆವರುನಿರೋಧಕ ಆ ದಾರಿಯನ್ನು ಮುಚ್ಚಿದಾಗ ವಿಷವು ಕಂಕುಳಿನ ದುಗ್ಧಗ್ರಂಥಿಗಳಲ್ಲಿ ಉಳಿದು ಸ್ತನದ ಜೀವಕೋಶಗಳನ್ನು ಕೆಡಿಸುತ್ತದೆ ಎಂಬುದು ಅದರ ವಾದ. ಸ್ತನ ಕ್ಯಾನ್ಸರ್‌ಗಳು ಕಂಕುಳಿಗೆ ಸಮೀಪವಾದ ಮೇಲಿನ ಹೊರಭಾಗದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದನ್ನು ಅದಕ್ಕೆ ಸಾಕ್ಷ್ಯವಾಗಿ ನೀಡಲಾಗಿತ್ತು.

ಈ ವಾದದ ಮೊದಲ ಹೆಜ್ಜೆಯೇ ಸರಿಯಲ್ಲ. ಬೆವರಿನ ಮುಖ್ಯ ಕೆಲಸ ದೇಹವನ್ನು ತಂಪುಗೊಳಿಸುವುದು. ರಕ್ತದಲ್ಲಿನ ತ್ಯಾಜ್ಯಗಳನ್ನು ನಿರ್ವಹಿಸುವ ಅಂಗಗಳು ಯಕೃತ್ತು ಮತ್ತು ಮೂತ್ರಪಿಂಡಗಳು. ದುಗ್ಧಗ್ರಂಥಿಗಳಿಗೂ ಬೆವರಿನ ಗ್ರಂಥಿಗಳಿಗೂ ನಾಳಗಳ ಸಂಪರ್ಕವಿಲ್ಲ. ದುಗ್ಧರಸವು ಬೆವರಾಗಿ ಹೊರಬರುವುದಿಲ್ಲ, ಆದ್ದರಿಂದ ಬೆವರುನಾಳ ಮುಚ್ಚಿದರೆ ಅದು ಹಿಂದಕ್ಕೆ ತುಂಬಿಕೊಳ್ಳುವ ಪ್ರಶ್ನೆಯೂ ಇಲ್ಲ. ಇಡೀ ದೇಹದಲ್ಲಿ ೨೦ ಲಕ್ಷದಿಂದ ೪೦ ಲಕ್ಷ ಬೆವರುಗ್ರಂಥಿಗಳಿದ್ದು, ಕಂಕುಳಿನಲ್ಲಿರುವುದು ಅವುಗಳಲ್ಲಿ ಒಂದು ಸಣ್ಣ ಪಾಲು ಮಾತ್ರ.

ಸ್ತನದ ಮೇಲಿನ ಹೊರಭಾಗದಲ್ಲಿ ಗಡ್ಡೆಗಳು ಹೆಚ್ಚು ಎಂಬ ಅಂಶ ನಿಜ. ಆದರೆ ಕ್ಯಾನ್ಸರ್ ಹುಟ್ಟುವ ಗ್ರಂಥಿ ಅಂಗಾಂಶವೂ ಆ ಭಾಗದಲ್ಲೇ ಹೆಚ್ಚಾಗಿದೆ. ಅಂಗಾಂಶ ಹೆಚ್ಚಿರುವ ಕಡೆ ಗಡ್ಡೆಗಳೂ ಹೆಚ್ಚಿರುವುದು ನಿರೀಕ್ಷಿತವೇ ಆದುದರಿಂದ, ಅದನ್ನು ವಿವರಿಸಲು ಕಂಕುಳಿಗೆ ಹಚ್ಚಿದ ವಸ್ತುವನ್ನು ಕಾರಣವಾಗಿ ತರಬೇಕಾಗಿಲ್ಲ.

ಮ್ಯಾಮೊಗ್ರಫಿ ಪರೀಕ್ಷೆಯ ದಿನ ಬೆವರುನಿರೋಧಕ ಹಚ್ಚಿಕೊಳ್ಳಬಾರದು ಎಂಬ ವೈದ್ಯಕೀಯ ಸೂಚನೆಯನ್ನೂ ಅಪಾಯದ ಒಪ್ಪಿಗೆಯೆಂದು ಕೆಲವರು ಅರ್ಥೈಸುತ್ತಾರೆ. ಸೂಚನೆಯ ಕಾರಣ ಬೇರೆ. ಚರ್ಮದ ಮೇಲಿನ ಅಲ್ಯೂಮಿನಿಯಂ ಕಣಗಳು ಕ್ಷ-ಕಿರಣ ಚಿತ್ರದಲ್ಲಿ ಬಿಳಿಯ ಚುಕ್ಕೆಗಳಾಗಿ ಕಾಣುತ್ತವೆ. ಆರಂಭಿಕ ಕ್ಯಾನ್ಸರ್‌ನ ಸುಳಿವಾಗಿರಬಹುದಾದ ಸೂಕ್ಷ್ಮ ಸುಣ್ಣದ ಕಣಗಳೂ ಹಾಗೆಯೇ ಕಾಣುವುದರಿಂದ ಚಿತ್ರವನ್ನು ಓದುವವರಿಗೆ ಗೊಂದಲವಾಗುತ್ತದೆ. ತೊಳೆದು ಮತ್ತೆ ಚಿತ್ರ ತೆಗೆದರೆ ಆ ಚುಕ್ಕೆಗಳು ಇರುವುದಿಲ್ಲ.

## ಚರ್ಮದ ಮೂಲಕ ಎಷ್ಟು ಒಳಸೇರುತ್ತದೆ?

ಬೆವರುನಿರೋಧಕದ ಅಲ್ಯೂಮಿನಿಯಂ ಹಾನಿಮಾಡಬೇಕಾದರೆ ಮೊದಲು ಅದು ದೇಹದೊಳಕ್ಕೆ ಹೋಗಬೇಕು. ಇದನ್ನು ಅಳೆಯುವುದು ಸುಲಭವಲ್ಲ, ಏಕೆಂದರೆ ಅಲ್ಯೂಮಿನಿಯಂ ಭೂಮಿಯ ಹೊರಪದರದಲ್ಲಿ ಅತ್ಯಂತ ಹೇರಳವಾಗಿರುವ ಲೋಹ. ಆಹಾರ, ನೀರು, ಧೂಳು ಎಲ್ಲದರಲ್ಲೂ ಅದಿದೆ. ಮೂತ್ರದಲ್ಲಿ ಸಿಕ್ಕ ಅಲ್ಯೂಮಿನಿಯಂ ಊಟದಿಂದ ಬಂದುದೋ ಚರ್ಮದಿಂದ ಬಂದುದೋ ಎಂದು ಸಾಮಾನ್ಯ ಪರೀಕ್ಷೆ ಹೇಳಲಾರದು.

ಅಲ್ಯೂಮಿನಿಯಂ-೨೬ ಎಂಬ ವಿಕಿರಣಶೀಲ ಸಮಸ್ಥಾನಿಯಿಂದ ಈ ತೊಡಕು ಪರಿಹಾರವಾಯಿತು. ಪ್ರಕೃತಿಯಲ್ಲಿ ಅದು ಬಹುತೇಕ ಇಲ್ಲವೆನ್ನುವಷ್ಟು ಅಪರೂಪ. ಅದನ್ನು ಗುರುತಾಗಿ ಬೆರೆಸಿದ ಲವಣವನ್ನು ಕಂಕುಳಿಗೆ ಹಚ್ಚಿ, ಅನಂತರ ರಕ್ತ ಮತ್ತು ಮೂತ್ರವನ್ನು ವೇಗವರ್ಧಕ ಬಳಸುವ ರಾಶಿ ರೋಹಿತಮಾಪನದಿಂದ ಪರೀಕ್ಷಿಸಿದರೆ, ಸಿಕ್ಕ ಅಲ್ಯೂಮಿನಿಯಂ-೨೬ ಹಚ್ಚಿದ ವಸ್ತುವಿನಿಂದಲೇ ಬಂದುದೆಂದು ತಿಳಿಯುತ್ತದೆ.

ಫ್ಲಾರೆಂಡ್ ಮತ್ತು ಸಹೋದ್ಯೋಗಿಗಳು ೨೦೦೧ರಲ್ಲಿ ಇಂಥ ಮೊದಲ ಫಲಿತಾಂಶವನ್ನು ಪ್ರಕಟಿಸಿದರು. ಒಬ್ಬ ಪುರುಷ ಮತ್ತು ಒಬ್ಬ ಮಹಿಳೆಯ ಒಂದು ಕಂಕುಳಿಗೆ ಗುರುತು ಮಾಡಿದ ಅಲ್ಯೂಮಿನಿಯಂ ಕ್ಲೋರೋಹೈಡ್ರೇಟನ್ನು ಒಮ್ಮೆ ಹಚ್ಚಿ ಏಳು ವಾರಗಳ ಕಾಲ ಮೂತ್ರವನ್ನು ಪರೀಕ್ಷಿಸಲಾಯಿತು. ಹಚ್ಚಿದ ಅಲ್ಯೂಮಿನಿಯಂನಲ್ಲಿ ಸುಮಾರು ಶೇ. ೦.೦೧೨ ಭಾಗ ದೇಹವನ್ನು ಸೇರಿತ್ತು. ಎರಡೂ ಕಂಕುಳಿಗೆ ಒಮ್ಮೆ ಹಚ್ಚಿದರೆ ಸುಮಾರು ೪ ಮೈಕ್ರೋಗ್ರಾಂ ಒಳಸೇರುತ್ತದೆ ಎಂದು ಅವರು ಲೆಕ್ಕಹಾಕಿದರು. ಕೇವಲ ಇಬ್ಬರ ಮೇಲೆ, ಒಂದೇ ಬಾರಿ ಹಚ್ಚಿ ನಡೆಸಿದ ಪರೀಕ್ಷೆಯಾದ್ದರಿಂದ ಇದನ್ನು ಎಲ್ಲರಿಗೂ, ದಿನನಿತ್ಯದ ಬಳಕೆಗೂ ಅನ್ವಯಿಸುವುದು ಸಮಂಜಸವಲ್ಲ ಎಂಬ ಟೀಕೆ ಬಂದಿತು.

೨೦೧೨ರಲ್ಲಿ ಫ್ರಾನ್ಸಿನ ಸಂಶೋಧಕರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮಾನವ ಚರ್ಮದ ಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷೆ ನಡೆಸಿದಾಗ ಚರ್ಮವನ್ನು ದಾಟಿದ ಪ್ರಮಾಣ ನಗಣ್ಯವಾಗಿತ್ತು. ಆದರೆ ಮೇಲ್ಪದರವನ್ನು ಅಂಟುಪಟ್ಟಿಯಿಂದ ಕಿತ್ತ ಚರ್ಮವು ಹೆಚ್ಚು ಅಲ್ಯೂಮಿನಿಯಂ ಹಿಡಿದುಕೊಂಡಿತ್ತು. ಕ್ಷೌರದಿಂದ ಗಾಯವಾದ ಅಥವಾ ತರಚಿದ ಚರ್ಮಕ್ಕೆ ಹಚ್ಚಬಾರದು ಎಂಬ ಸಲಹೆಗೆ ಇಂಥ ಫಲಿತಾಂಶಗಳು ಆಧಾರ. ಫ್ರಾನ್ಸಿನ ಆರೋಗ್ಯ ಉತ್ಪನ್ನ ನಿಯಂತ್ರಣ ಸಂಸ್ಥೆ ೨೦೧೧ರಲ್ಲಿ ಅಲ್ಯೂಮಿನಿಯಂ ಪ್ರಮಾಣವನ್ನು ಶೇ. ೦.೬ಕ್ಕೆ ಸೀಮಿತಗೊಳಿಸಲು ಶಿಫಾರಸು ಮಾಡಿತ್ತು. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆಯೂ ೨೦೧೪ರಲ್ಲಿ, ಬೆವರುನಿರೋಧಕದ ನಿತ್ಯ ಬಳಕೆಯಿಂದ ವಾರದ ಸುರಕ್ಷಿತ ಮಿತಿ ಮೀರಬಹುದೆಂದು ಎಚ್ಚರಿಸಿತು. ಆಗ ಲಭ್ಯವಿದ್ದ ದತ್ತಾಂಶ ಕಡಿಮೆಯಾಗಿದ್ದುದರಿಂದ ಈ ಅಂದಾಜುಗಳು ಎಚ್ಚರಿಕೆಯ ಕಡೆಗೆ ವಾಲಿದ್ದವು.

ಮುಂದೆ ನೆದರ್ಲೆಂಡ್ಸ್‌ನಲ್ಲಿ ಸ್ವಯಂಸೇವಕರ ಮೇಲೆ ಅಲ್ಯೂಮಿನಿಯಂ-೨೬ ಬಳಸಿ ಹೊಸ ಅಧ್ಯಯನಗಳು ನಡೆದವು. ಮೊದಲನೆಯದರಲ್ಲಿ ಬಹುತೇಕ ಮಾದರಿಗಳಲ್ಲಿ ಗುರುತಿನ ಅಂಶ ಅಳೆಯಲಾಗದಷ್ಟು ಕಡಿಮೆಯಿದ್ದುದರಿಂದ, ಗುರುತಿನ ಪ್ರಮಾಣವನ್ನು ಹೆಚ್ಚಿಸಿ ಎರಡನೆಯದನ್ನು ನಡೆಸಲಾಯಿತು. ಅದರಿಂದ ದೊರೆತ ಹೀರಿಕೆಯ ಅಂದಾಜು ಶೇ. ೦.೦೦೦೫೨. ಇದನ್ನು ಆಧರಿಸಿ ಐರೋಪ್ಯ ಒಕ್ಕೂಟದ ಗ್ರಾಹಕ ಸುರಕ್ಷತಾ ವೈಜ್ಞಾನಿಕ ಸಮಿತಿಯು ೨೦೨೦ರಲ್ಲಿ, ಸಿಂಪಡಣೆಯಲ್ಲದ ಬೆವರುನಿರೋಧಕಗಳಲ್ಲಿ ಶೇ. ೬.೨೫ರವರೆಗೆ ಅಲ್ಯೂಮಿನಿಯಂ ಇರುವುದು ಸುರಕ್ಷಿತವೆಂದು ಅಭಿಪ್ರಾಯಪಟ್ಟಿತು. ಜರ್ಮನಿಯ ಸಂಸ್ಥೆಯೂ ಅದೇ ವರ್ಷ ತನ್ನ ನಿಲುವನ್ನು ಪರಿಷ್ಕರಿಸಿ, ಇಂಥ ಬಳಕೆಯಿಂದ ಆರೋಗ್ಯಕ್ಕೆ ಹಾನಿಯಾಗುವ ಸಾಧ್ಯತೆ ಕಡಿಮೆ ಎಂದಿತು.

### ಒಂದು ಲೆಕ್ಕ

ಈ ಸಂಖ್ಯೆಗಳ ಅರ್ಥವನ್ನು ೬೦ ಕಿಲೋಗ್ರಾಂ ತೂಕದ ವ್ಯಕ್ತಿಯ ಉದಾಹರಣೆಯಿಂದ ತಿಳಿಯಬಹುದು. ಆ ವ್ಯಕ್ತಿ ದಿನಕ್ಕೆ ೧.೫ ಗ್ರಾಂ ಬೆವರುನಿರೋಧಕ ಹಚ್ಚಿಕೊಳ್ಳುತ್ತಾರೆ ಮತ್ತು ಅದರಲ್ಲಿ ಶೇ. ೬.೨೫ ಅಲ್ಯೂಮಿನಿಯಂ ಇದೆ ಎಂದಿಟ್ಟುಕೊಂಡರೆ, ಚರ್ಮದ ಮೇಲೆ ಬೀಳುವ ಅಲ್ಯೂಮಿನಿಯಂ ಸುಮಾರು ೯೪ ಮಿಲಿಗ್ರಾಂ. ಅದರ ಶೇ. ೦.೦೦೦೫೨ ಭಾಗವೆಂದರೆ ಸುಮಾರು ೦.೫ ಮೈಕ್ರೋಗ್ರಾಂ.

ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು ೨೦೦೮ರಲ್ಲಿ ಆಹಾರದ ಅಲ್ಯೂಮಿನಿಯಂಗೆ ವಿಧಿಸಿದ ಮಿತಿ, ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ವಾರಕ್ಕೆ ೧ ಮಿಲಿಗ್ರಾಂ. ೬೦ ಕಿಲೋಗ್ರಾಂನ ವ್ಯಕ್ತಿಗೆ ಇದು ದಿನಕ್ಕೆ ಸುಮಾರು ೮.೬ ಮಿಲಿಗ್ರಾಂ ಆಗುತ್ತದೆ. ತಿಂದ ಅಲ್ಯೂಮಿನಿಯಂನಲ್ಲಿ ಕರುಳು ಹೀರಿಕೊಳ್ಳುವುದು ಸುಮಾರು ಶೇ. ೦.೧ ಮಾತ್ರ, ಉಳಿದುದು ಮಲದಲ್ಲಿ ಹೋಗುತ್ತದೆ. ಹೀಗಾಗಿ ಮಿತಿಯಷ್ಟು ತಿಂದರೆ ರಕ್ತಕ್ಕೆ ಸೇರುವುದು ದಿನಕ್ಕೆ ಸುಮಾರು ೮.೬ ಮೈಕ್ರೋಗ್ರಾಂ. ಕಂಕುಳಿನಿಂದ ಬರುವ ೦.೫ ಮೈಕ್ರೋಗ್ರಾಂ ಅದರ ಸುಮಾರು ಹದಿನೇಳನೆಯ ಒಂದು ಭಾಗ. ೨೦೦೧ರ ಹಳೆಯ ಅಂದಾಜಾದ ೪ ಮೈಕ್ರೋಗ್ರಾಂ ಅನ್ನೇ ದಿನನಿತ್ಯದ ಪ್ರಮಾಣವೆಂದು ಹಿಡಿದರೂ ಅದು ಅರ್ಧಕ್ಕಿಂತ ಕಡಿಮೆ. ಆದರೆ ಆಹಾರದಿಂದ ಬರುವ ಪ್ರಮಾಣ ಇದರ ಜೊತೆಗೆ ಸೇರುವುದರಿಂದ, ಹಳೆಯ ಅಂದಾಜಿನ ಮೇಲೆ ನಡೆದ ಸಂಸ್ಥೆಗಳು ಎಚ್ಚರಿಕೆ ನೀಡಿದ್ದು ಅಕಾರಣವಾಗಿರಲಿಲ್ಲ.

## ಸ್ತನ ಕ್ಯಾನ್ಸರ್

ಹೀರಿಕೆಯ ಪ್ರಮಾಣ ಕಡಿಮೆಯಾಗಿದ್ದರೂ ಬಳಸುವವರಲ್ಲಿ ಕಾಯಿಲೆ ಹೆಚ್ಚಿದೆಯೇ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ಮಿರಿಕ್ ಮತ್ತು ಸಹೋದ್ಯೋಗಿಗಳು ನಡೆಸಿ ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನ ಇದರಲ್ಲಿ ಪ್ರಮುಖವಾದುದು. ಸ್ತನ ಕ್ಯಾನ್ಸರ್ ಇದ್ದ ೮೧೩ ಮಹಿಳೆಯರನ್ನೂ ಇಲ್ಲದ ೭೯೩ ಮಹಿಳೆಯರನ್ನೂ ಸಂದರ್ಶಿಸಿ ಅವರ ಬಳಕೆಯ ಅಭ್ಯಾಸವನ್ನು ಹೋಲಿಸಲಾಯಿತು. ಬೆವರುನಿರೋಧಕ ಬಳಸುವವರ ಸಾಪೇಕ್ಷ ಸಂಭಾವ್ಯತೆ ೦.೯ ಆಗಿತ್ತು, ೧ ಎಂದರೆ ವ್ಯತ್ಯಾಸವಿಲ್ಲ ಎಂದರ್ಥ. ಇ-ಮೇಲ್‌ನಲ್ಲಿ ವಿಶೇಷವಾಗಿ ಅಪಾಯಕಾರಿ ಎನ್ನಲಾಗಿದ್ದ, ಕ್ಷೌರದ ಬಳಿಕ ಒಂದು ಗಂಟೆಯೊಳಗೆ ಹಚ್ಚುವ ಅಭ್ಯಾಸದಲ್ಲೂ ಅಪಾಯದ ಹೆಚ್ಚಳ ಕಾಣಲಿಲ್ಲ.

೨೦೦೩ರ ಮ್ಯಾಕ್‌ಗ್ರಾತ್ ಅಧ್ಯಯನವನ್ನು ಇದಕ್ಕೆ ವಿರುದ್ಧವಾಗಿ ಉಲ್ಲೇಖಿಸುವುದುಂಟು. ೪೩೭ ಕ್ಯಾನ್ಸರ್ ರೋಗಿಗಳಲ್ಲಿ, ಚಿಕ್ಕ ವಯಸ್ಸಿನಿಂದ ಕಂಕುಳಿನ ಕ್ಷೌರ ಮಾಡಿ ಬೆವರುನಿರೋಧಕವನ್ನು ಹೆಚ್ಚಾಗಿ ಬಳಸಿದವರಲ್ಲಿ ಕಾಯಿಲೆ ಕಡಿಮೆ ವಯಸ್ಸಿನಲ್ಲಿ ಪತ್ತೆಯಾಗಿತ್ತು. ಆದರೆ ಕ್ಯಾನ್ಸರ್ ಇಲ್ಲದವರ ಗುಂಪು ಅದರಲ್ಲಿರಲಿಲ್ಲ. ಕಂಕುಳಿನ ಕ್ಷೌರ ಮತ್ತು ಬೆವರುನಿರೋಧಕದ ಬಳಕೆ ಮುಂದಿನ ಪೀಳಿಗೆಗಳಲ್ಲಿ ಹೆಚ್ಚಾದ ಅಭ್ಯಾಸಗಳು. ಕಿರಿಯ ರೋಗಿಗಳು ಅದೇ ಪೀಳಿಗೆಗೆ ಸೇರಿದವರಾದ್ದರಿಂದ, ಎರಡರ ನಡುವೆ ಕಾರ್ಯಕಾರಣ ಸಂಬಂಧವಿಲ್ಲದಿದ್ದರೂ ಇಂಥ ಫಲಿತಾಂಶ ಬರಬಲ್ಲದು.

ಹೆಚ್ಚು ಗಂಭೀರವಾಗಿ ಪರಿಗಣಿಸಬೇಕಾದುದು ಆಸ್ಟ್ರಿಯದ ಇನ್ಸ್‌ಬ್ರುಕ್‌ನ ಲಿನ್‌ಹಾರ್ಟ್ ಮತ್ತು ಸಹೋದ್ಯೋಗಿಗಳ ೨೦೧೭ರ ಅಧ್ಯಯನ. ೨೦೯ ರೋಗಿಗಳನ್ನು ಅಷ್ಟೇ ಸಂಖ್ಯೆಯ ಆರೋಗ್ಯವಂತರೊಡನೆ ಹೋಲಿಸಿದಾಗ, ೩೦ ವರ್ಷಕ್ಕಿಂತ ಮೊದಲೇ ದಿನಕ್ಕೆ ಹಲವು ಬಾರಿ ಕಂಕುಳಿನ ಪ್ರಸಾಧನಗಳನ್ನು ಬಳಸಿದೆವೆಂದವರಲ್ಲಿ ಸಾಪೇಕ್ಷ ಸಂಭಾವ್ಯತೆ ೩.೮೮ ಇತ್ತು. ರೋಗಿಗಳ ಸ್ತನ ಅಂಗಾಂಶದಲ್ಲಿ ಅಲ್ಯೂಮಿನಿಯಂ ಸಹ ಹೆಚ್ಚಾಗಿತ್ತು. ಈ ಫಲಿತಾಂಶಕ್ಕೆ ಮೂರು ಮಿತಿಗಳಿವೆ. ಮೊದಲನೆಯದಾಗಿ, ವಿಶ್ವಾಸಾಂತರ ೧.೦೩ರಿಂದ ೧೪.೬೬ರವರೆಗೆ ಇದೆ, ಅಂದರೆ ನಿಜವಾದ ಪರಿಣಾಮ ಬಹುತೇಕ ಶೂನ್ಯವೂ ಆಗಿರಬಹುದು. ಎರಡನೆಯದಾಗಿ, ದಶಕಗಳ ಹಿಂದಿನ ಅಭ್ಯಾಸವನ್ನು ನೆನಪಿನಿಂದ ಹೇಳಬೇಕಾಗಿತ್ತು. ಕಾಯಿಲೆಯ ಕಾರಣವನ್ನು ಹುಡುಕುತ್ತಿರುವ ರೋಗಿಗಳು ಬೆವರುನಿರೋಧಕದ ಕುರಿತ ಸುದ್ದಿಯನ್ನು ಕೇಳಿದ್ದರೆ ತಮ್ಮ ಬಳಕೆಯನ್ನು ಹೆಚ್ಚಾಗಿ ನೆನಪಿಸಿಕೊಳ್ಳುವ ಸಂಭವವಿದೆ. ಮೂರನೆಯದಾಗಿ, ಗಡ್ಡೆಯಿರುವ ಅಂಗಾಂಶದಲ್ಲಿನ ಅಲ್ಯೂಮಿನಿಯಂ ಗಡ್ಡೆಗೆ ಕಾರಣವೋ ಗಡ್ಡೆ ಬೆಳೆದ ಮೇಲೆ ಅಲ್ಲಿ ಸೇರಿಕೊಂಡುದೋ ಎಂಬುದನ್ನು ಇಂಥ ಅಧ್ಯಯನ ಬಿಡಿಸಿ ಹೇಳಲಾರದು.

ಪ್ರಯೋಗಾಲಯದಲ್ಲಿ ಸ್ತನದ ಜೀವಕೋಶಗಳನ್ನು ಅಲ್ಯೂಮಿನಿಯಂ ದ್ರಾವಣದಲ್ಲಿ ಬೆಳೆಸಿದಾಗ ಅವು ಕ್ಯಾನ್ಸರ್ ಜೀವಕೋಶಗಳ ಕೆಲವು ಲಕ್ಷಣಗಳನ್ನು ತೋರಿದ್ದನ್ನು ಜಿನೀವಾದ ಸಂಶೋಧಕರು ೨೦೧೨ರಲ್ಲಿ ವರದಿ ಮಾಡಿದ್ದಾರೆ. ಇದು ಮುಂದಿನ ಸಂಶೋಧನೆಗೆ ವಿಷಯವೇ ಹೊರತು, ಚರ್ಮವನ್ನು ದಾಟಿ ಅಷ್ಟು ಪ್ರಮಾಣ ಸ್ತನವನ್ನು ತಲುಪುತ್ತದೆ ಎಂಬುದಕ್ಕೆ ಸಾಕ್ಷ್ಯವಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ‘ಅಲ್ಯೂಮಿನಿಯಂ ಉತ್ಪಾದನೆ’ಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇರಿಸಿರುವುದನ್ನೂ ಕೆಲವೊಮ್ಮೆ ತಪ್ಪಾಗಿ ಉಲ್ಲೇಖಿಸಲಾಗುತ್ತದೆ. ಆ ವರ್ಗೀಕರಣವು ಕರಗಿಸುವ ಕಾರ್ಖಾನೆಗಳ ಕೆಲಸದ ಪರಿಸರಕ್ಕೆ, ಅಲ್ಲಿನ ಟಾರಿನ ಹೊಗೆಯಂಥ ಅಂಶಗಳಿಗೆ ಸಂಬಂಧಿಸಿದ್ದು.

## ಆಲ್ಝೈಮರ್ ಕಾಯಿಲೆ

ಅಲ್ಯೂಮಿನಿಯಂ ಮಿದುಳಿಗೆ ಹಾನಿ ಮಾಡಬಲ್ಲದು ಎಂಬುದು ಕಟ್ಟುಕಥೆಯಲ್ಲ. ೧೯೬೫ರಲ್ಲಿ ಮೊಲಗಳ ನರಮಂಡಲಕ್ಕೆ ಅಲ್ಯೂಮಿನಿಯಂ ಲವಣವನ್ನು ಕೊಟ್ಟಾಗ ನರಕೋಶಗಳಲ್ಲಿ ತಂತುಗಳ ಗೋಜಲುಗಳು ಕಂಡುಬಂದವು. ೧೯೭೩ರಲ್ಲಿ ಕೆನಡಾದ ಸಂಶೋಧಕರು ಆಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಅಲ್ಯೂಮಿನಿಯಂ ಹೆಚ್ಚಿದೆಯೆಂದು ವರದಿ ಮಾಡಿದರು. ೧೯೭೬ರಲ್ಲಿ ಆಲ್‌ಫ್ರಿ ಮತ್ತು ಸಹೋದ್ಯೋಗಿಗಳು ಡಯಾಲಿಸಿಸ್ ರೋಗಿಗಳಲ್ಲಿ ಕಾಣುತ್ತಿದ್ದ ಮಾರಕ ಮಿದುಳು ಕಾಯಿಲೆಯನ್ನು ಅಲ್ಯೂಮಿನಿಯಂಗೆ ಜೋಡಿಸಿದರು.

ಬಳಿಕದ ಪರಿಶೀಲನೆಯಲ್ಲಿ ಈ ಎಳೆಗಳು ಬೇರೆಬೇರೆಯಾದವು. ಮೊಲದ ಗೋಜಲುಗಳ ತಂತುಗಳ ರಚನೆ ಆಲ್ಝೈಮರ್‌ನ ಜೋಡಿ ಸುರುಳಿಯ ತಂತುಗಳಿಗಿಂತ ಭಿನ್ನವಾಗಿತ್ತು. ೧೯೯೨ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಬಣ್ಣ ಹಾಕದ ಮಿದುಳಿನ ಅಂಗಾಂಶವನ್ನು ಸೂಕ್ಷ್ಮ ವಿಶ್ಲೇಷಣೆಗೆ ಒಳಪಡಿಸಿದಾಗ, ಆಲ್ಝೈಮರ್‌ನ ಚಪ್ಪೆಗಳ ತಿರುಳಿನಲ್ಲಿ ಅಲ್ಯೂಮಿನಿಯಂ ಸಿಗಲಿಲ್ಲ. ಹಿಂದಿನ ಕೆಲವು ಅಳತೆಗಳಲ್ಲಿ ಕಂಡ ಅಲ್ಯೂಮಿನಿಯಂ, ಅಂಗಾಂಶವನ್ನು ಸಿದ್ಧಪಡಿಸಲು ಬಳಸಿದ ರಾಸಾಯನಿಕಗಳಿಂದಲೇ ಸೇರಿರಬಹುದೆಂದು ಇದರಿಂದ ತೋರಿತು. ಡಯಾಲಿಸಿಸ್ ರೋಗಿಗಳ ಕಾಯಿಲೆಯು ನಿಜವಾದ ಅಲ್ಯೂಮಿನಿಯಂ ವಿಷತೆಯೇ ಆಗಿದ್ದರೂ ಅದರ ಲಕ್ಷಣಗಳೂ ಗತಿಯೂ ಆಲ್ಝೈಮರ್‌ಗಿಂತ ಬೇರೆ.

ಬೆವರುನಿರೋಧಕಗಳಿಗೇ ಸಂಬಂಧಿಸಿದ ಸಾಕ್ಷ್ಯವಾಗಿ ಉಲ್ಲೇಖವಾಗುವುದು ಗ್ರೇವ್ಸ್ ಮತ್ತು ಸಹೋದ್ಯೋಗಿಗಳ ೧೯೯೦ರ ಅಧ್ಯಯನ. ೧೩೦ ಜೋಡಿಗಳನ್ನು ಹೋಲಿಸಿದ ಇದರಲ್ಲಿ, ಅಲ್ಯೂಮಿನಿಯಂ ಇರುವ ಉತ್ಪನ್ನಗಳಿಗೆ ಸಾಪೇಕ್ಷ ಸಂಭಾವ್ಯತೆ ೧.೬ ಬಂದಿತ್ತು. ರೋಗಿಗಳಿಗೆ ಸ್ಮರಣಶಕ್ತಿ ಉಳಿದಿರದ ಕಾರಣ ಮಾಹಿತಿಯನ್ನು ಬಂಧುಗಳಂಥ ಬೇರೆಯವರಿಂದ ಪಡೆಯಲಾಗಿತ್ತು. ಇನ್ನೊಬ್ಬರು ಹಲವು ವರ್ಷಗಳ ಹಿಂದೆ ಯಾವ ಉತ್ಪನ್ನವನ್ನು ಎಷ್ಟು ಬಾರಿ ಹಚ್ಚುತ್ತಿದ್ದರು ಎಂಬ ನೆನಪು ವಿಶ್ವಾಸಾರ್ಹವಲ್ಲದ್ದರಿಂದ, ಈ ಫಲಿತಾಂಶವನ್ನು ದುರ್ಬಲ ಸುಳಿವೆಂದು ಮಾತ್ರ ಪರಿಗಣಿಸಲಾಗುತ್ತದೆ.

## ನಿಜವಾದ ಎಚ್ಚರಿಕೆಗಳು

ರಕ್ತಕ್ಕೆ ಸೇರಿದ ಅಲ್ಯೂಮಿನಿಯಂ ಮುಖ್ಯವಾಗಿ ಮೂತ್ರದ ಮೂಲಕ ಹೊರಹೋಗುತ್ತದೆ. ಮೂತ್ರಪಿಂಡಗಳು ವಿಫಲವಾದಾಗ ಈ ದಾರಿ ಮುಚ್ಚುವುದರಿಂದ ಅಲ್ಯೂಮಿನಿಯಂ ಮೂಳೆ ಮತ್ತು ಮಿದುಳಿನಲ್ಲಿ ಶೇಖರವಾಗಬಹುದು. ಆದ್ದರಿಂದಲೇ ಅಮೆರಿಕದಲ್ಲಿ ಮಾರಾಟವಾಗುವ ಬೆವರುನಿರೋಧಕಗಳ ಮೇಲೆ, ಮೂತ್ರಪಿಂಡದ ಕಾಯಿಲೆಯಿರುವವರು ಬಳಸುವ ಮೊದಲು ವೈದ್ಯರನ್ನು ಕೇಳಬೇಕೆಂಬ ಸೂಚನೆ ಕಡ್ಡಾಯವಾಗಿದೆ. ಡಯಾಲಿಸಿಸ್ ರೋಗಿಗಳು ವಿಷತೆಗೆ ಗುರಿಯಾದುದು ಬೆವರುನಿರೋಧಕದಿಂದಲ್ಲ. ಡಯಾಲಿಸಿಸ್ ನೀರಿನಲ್ಲಿದ್ದ ಮತ್ತು ಫಾಸ್ಫೇಟ್ ತಗ್ಗಿಸಲು ನುಂಗುತ್ತಿದ್ದ ಔಷಧದಲ್ಲಿದ್ದ ಅಲ್ಯೂಮಿನಿಯಂನಿಂದ.

ನಾಲ್ಕು ವರ್ಷ ಪ್ರತಿದಿನವೂ ಅಲ್ಯೂಮಿನಿಯಂ ಕ್ಲೋರೋಹೈಡ್ರೇಟ್ ಹಚ್ಚಿಕೊಳ್ಳುತ್ತಿದ್ದ ಒಬ್ಬ ಮಹಿಳೆಯ ರಕ್ತದಲ್ಲಿ ಅಲ್ಯೂಮಿನಿಯಂ ಏರಿ, ಮೂಳೆನೋವು ಮತ್ತು ಬಳಲಿಕೆ ಉಂಟಾಗಿ, ಬಳಕೆ ನಿಲ್ಲಿಸಿದ ಬಳಿಕ ಅದು ಇಳಿದುದನ್ನು ೨೦೦೪ರ ಒಂದು ಪ್ರಕರಣ ವರದಿ ದಾಖಲಿಸಿದೆ. ಒಂದೇ ಪ್ರಕರಣದಿಂದ ಸಾಮಾನ್ಯ ನಿಯಮವನ್ನು ಕಟ್ಟಲಾಗದಿದ್ದರೂ, ಹೀರಿಕೆಯ ಸರಾಸರಿ ಎಲ್ಲರಿಗೂ ಒಂದೇ ರೀತಿ ಅನ್ವಯಿಸಬೇಕಾಗಿಲ್ಲ ಎಂಬುದನ್ನು ಅದು ಸೂಚಿಸುತ್ತದೆ.

ಹೆಚ್ಚು ಸಾಮಾನ್ಯವಾದ ತೊಂದರೆ ಚರ್ಮದ ಉರಿ ಮತ್ತು ತುರಿಕೆ. ಅತಿಬೆವರಿಗೆ ವೈದ್ಯರು ಸೂಚಿಸುವ ಅಲ್ಯೂಮಿನಿಯಂ ಕ್ಲೋರೈಡ್ ನೀರಿನೊಡನೆ ಸೇರಿದಾಗ ಹೈಡ್ರೋಕ್ಲೋರಿಕ್ ಆಮ್ಲ ಉಂಟಾಗುವುದು ಇದಕ್ಕೆ ಕಾರಣ. ಆದ್ದರಿಂದ ಅದನ್ನು ಬೆವರು ಕಡಿಮೆಯಿರುವ ರಾತ್ರಿಯ ಹೊತ್ತು, ಚೆನ್ನಾಗಿ ಒಣಗಿದ ಚರ್ಮಕ್ಕೆ ಹಚ್ಚಿ ಬೆಳಿಗ್ಗೆ ತೊಳೆಯುವಂತೆ ಹೇಳಲಾಗುತ್ತದೆ.

## ಪಟಿಕ ಮತ್ತು ‘ನೈಸರ್ಗಿಕ’ ಹರಳುಗಳು

ಅಲ್ಯೂಮಿನಿಯಂ ಬೇಡವೆನ್ನುವವರಿಗೆ ಪರ್ಯಾಯವಾಗಿ ಹರಳಿನ ಡಿಯೋಡರೆಂಟುಗಳು ಮಾರಾಟವಾಗುತ್ತವೆ. ಇವುಗಳಲ್ಲಿ ಹೆಚ್ಚಿನವು ಪಟಿಕದ ಗಟ್ಟಿಗಳು. ಕ್ಷೌರದಂಗಡಿಗಳಲ್ಲಿ ಕ್ಷೌರದ ಬಳಿಕ ಮುಖಕ್ಕೆ ಉಜ್ಜುವ ವಸ್ತುವೂ ಇದೇ. ಪೊಟ್ಯಾಸಿಯಂ ಪಟಿಕದ ರಾಸಾಯನಿಕ ಸೂತ್ರ KAl(SO₄)₂·12H₂O. ಅದರ ತೂಕದಲ್ಲಿ ಸುಮಾರು ಶೇ. ೫.೭ ಭಾಗ ಅಲ್ಯೂಮಿನಿಯಂ ಇದೆ. ‘ಅಲ್ಯೂಮಿನಿಯಂ ಕ್ಲೋರೋಹೈಡ್ರೇಟ್ ಇಲ್ಲ’ ಎಂಬ ಬರಹ ಇಂಥ ಉತ್ಪನ್ನದ ಮಟ್ಟಿಗೆ ನಿಜವಾದರೂ ‘ಅಲ್ಯೂಮಿನಿಯಂ ಇಲ್ಲ’ ಎಂಬುದು ನಿಜವಲ್ಲ. ಪಟಿಕವು ಬ್ಯಾಕ್ಟೀರಿಯಾಗಳನ್ನು ತಗ್ಗಿಸಿ ವಾಸನೆಯನ್ನು ಕಡಿಮೆಮಾಡುತ್ತದೆ. ಅಲ್ಯೂಮಿನಿಯಂ ಅನ್ನು ಪೂರ್ಣವಾಗಿ ದೂರವಿಡಬೇಕಾದವರು, ಮುಖ್ಯವಾಗಿ ಮೂತ್ರಪಿಂಡದ ರೋಗಿಗಳು, ಘಟಕಗಳ ಪಟ್ಟಿಯಲ್ಲಿ ಪಟಿಕದ ಹೆಸರನ್ನೂ ಗಮನಿಸಬೇಕಾಗುತ್ತದೆ.